ಸಂಘದ ಸಾಲಕ್ಕೆ 24 ಪರ್ಸೆಂಟ್ ಬಡ್ಡಿ ಯಾಕೆ? ಲೆಕ್ಕ ಬಿಡಿಸಿ ನೋಡೋಣ

ಹೋದ ಸಲ ಊರಿಗೆ ಹೋದಾಗ ಚಿಕ್ಕಮ್ಮ ಒಂದು ಹಳದಿ ಕಾರ್ಡ್ ತಂದು ಕೈಗಿಟ್ಟರು. 'ನೋಡೋ ಮಗ, ಸಂಘದೋರು ಇದ್ರಲ್ಲಿ 24 ಅಂತ ಹಾಕವ್ರೆ. ಸಾಲ ಕೊಡುವಾಗ ನೂರಕ್ಕೆ ಒಂದು ರೂಪಾಯಿ ಚಿಲ್ರೆ ಬೀಳುತ್ತೆ ಅಷ್ಟೇ ಅಂದಿದ್ರು. ಮೋಸ ಆಯ್ತಾ?'

ಇಂಜಿನಿಯರಿಂಗ್ ಓದಿದವನು ಅನ್ನೋ ಕಾರಣಕ್ಕೆ ಊರಲ್ಲಿ ಮೊಬೈಲ್ ರಿಪೇರಿಯಿಂದ ಬಡ್ಡಿ ಲೆಕ್ಕದವರೆಗೆ ಎಲ್ಲವೂ ನನ್ನ ಪಾಲಿಗೇ ಬರುತ್ತೆ. ಕೂತು ಲೆಕ್ಕ ಹಾಕಿದೆ. ಎರಡೂ ನಿಜ. ಮೋಸ ಇರುವ ಜಾಗ ಬೇರೆ.

ಸಾಲ 50,000 ರೂಪಾಯಿ. 24 ತಿಂಗಳು, ತಿಂಗಳಿಗೆ 2,644 ರೂಪಾಯಿ ಕಂತು. ಒಟ್ಟು ಕಟ್ಟೋದು 63,456, ಅಂದರೆ ಬಡ್ಡಿ 13,456. ಇದನ್ನು 24 ತಿಂಗಳಿಗೆ ಹಂಚಿ ಪೂರ್ತಿ ಐವತ್ತು ಸಾವಿರದ ಮೇಲೆ ಲೆಕ್ಕ ಹಾಕಿದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಹನ್ನೆರಡು ಪೈಸೆ ಬೀಳುತ್ತೆ. ಇದಕ್ಕೆ ಫ್ಲಾಟ್ ಲೆಕ್ಕ ಅಂತಾರೆ. ಆದರೆ ಚಿಕ್ಕಮ್ಮನ ಹತ್ತಿರ ಎರಡು ವರ್ಷ ಪೂರ್ತಿ ಐವತ್ತು ಸಾವಿರ ಇರೋದಿಲ್ಲ. ಪ್ರತಿ ಕಂತಿನಲ್ಲೂ ಒಂದಿಷ್ಟು ಅಸಲು ತೀರುತ್ತೆ. ಸರಾಸರಿ ನೋಡಿದರೆ ಅವರ ಕೈಯಲ್ಲಿ ಉಳಿದಿರುವ ಸಾಲ ಸುಮಾರು 28,000 ಮಾತ್ರ. ಆ ಉಳಿದ ಅಸಲಿಗೆ ಲೆಕ್ಕ ಹಾಕಿದರೆ ಅದೇ ಬಡ್ಡಿ ವರ್ಷಕ್ಕೆ 24 ಪರ್ಸೆಂಟ್ ಆಗುತ್ತೆ.

ಹಾಗಾಗಿ ಕಾರ್ಡಿನ 24 ನೋಡಿ ಗಾಬರಿಯಾಗಿ, 'ನೂರಕ್ಕೆ ಎರಡೇ ರೂಪಾಯಿ' ಅನ್ನೋ ಫ್ಲಾಟ್ ಸಾಲಕ್ಕೆ ಹೋದರೆ ಕೆಟ್ಟಿರಿ. ಅದೂ ವರ್ಷಕ್ಕೆ 24 ಅಂತಲೇ ಕೇಳಿಸುತ್ತೆ. ಆದರೆ ಅಸಲು ತೀರಿಸುತ್ತಾ ಬಂದರೂ ಬಡ್ಡಿ ಪೂರ್ತಿ ಐವತ್ತು ಸಾವಿರಕ್ಕೇ ಬೀಳುತ್ತೆ. ಎರಡು ವರ್ಷಕ್ಕೆ 24,000 ಬಡ್ಡಿ, ತಿಂಗಳಿಗೆ 3,083 ಕಂತು.

ಇನ್ನು ಮುಚ್ಚಿಟ್ಟ ಭಾಗ. ಚಿಕ್ಕಮ್ಮನ ಕೈಗೆ ಬಂದಿದ್ದು 50,000 ಅಲ್ಲ. ಪ್ರೊಸೆಸಿಂಗ್ ಫೀಸ್ 500, ಅದರ ಮೇಲೆ ಜಿಎಸ್‌ಟಿ 90, ವಿಮೆ 1,000 ಮುರಿದುಕೊಂಡು ಕೊಟ್ಟಿದ್ದು 48,410. ನಿಮ್ಮ ಫೋನಿನಲ್ಲಿ ಯಾವುದೇ ಸ್ಪ್ರೆಡ್‌ಶೀಟ್ ತೆರೆದು ಇದನ್ನು ಹಾಕಿ ನೋಡಿ:

```
=RATE(24,-2644,48410)*12
```

ಸುಮಾರು 27.5 ಪರ್ಸೆಂಟ್ ಬರುತ್ತೆ. ನಿಜವಾದ ದರ ಇದು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಸಾಲ ಕೊಡುವವರು ಎಲ್ಲ ಖರ್ಚನ್ನೂ ಸೇರಿಸಿದ ದರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯ ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಸಾಲ ತಗೊಂಡಿದ್ದರೆ ಮೊದಲು ಆ ಹಾಳೆ ಕೇಳಿ.

ಇಷ್ಟೊಂದು ಯಾಕೆ?

ಕಂಪನಿ ಕೊಳ್ಳೆ ಹೊಡೀತಿದೆ ಅನ್ನೋದು ಸುಲಭದ ಉತ್ತರ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಒಂದು ಅಂದಾಜಿನ ಲೆಕ್ಕ ಮಾಡೋಣ. ಕಂತು ವಸೂಲಿಗೆ ಬೈಕಿನಲ್ಲಿ ಬರುವ ಹುಡುಗ 500 ಮಹಿಳೆಯರನ್ನು ನೋಡಿಕೊಳ್ತಾನೆ ಅಂದುಕೊಳ್ಳಿ. ಅವನ ಸಂಬಳ, ಪೆಟ್ರೋಲು, ಬ್ರಾಂಚಿನ ಬಾಡಿಗೆಯಲ್ಲಿ ಅವನ ಪಾಲು ಎಲ್ಲ ಸೇರಿ ತಿಂಗಳಿಗೆ 60,000. ತಲೆಗೆ ತಿಂಗಳಿಗೆ 120, ವರ್ಷಕ್ಕೆ 1,440 ರೂಪಾಯಿ. ಸರಾಸರಿ 28,000 ಸಾಲದ ಮೇಲೆ ಇದೊಂದೇ ಐದು ಪರ್ಸೆಂಟ್ ದಾಟುತ್ತೆ. ಸಾಲ ಹತ್ತು ಪಟ್ಟು ದೊಡ್ಡದಾಗಿದ್ದರೆ ಅದೇ ಓಡಾಟ ಅರ್ಧ ಪರ್ಸೆಂಟಿಗೆ ಮುಗಿಯುತ್ತಿತ್ತು. ಇದರ ಜೊತೆಗೆ ಕಂಪನಿ ಜನರಿಂದ ಠೇವಣಿ ಪಡೆಯುವಂತಿಲ್ಲ. ತಾನೇ ಬ್ಯಾಂಕಿನಿಂದ ಬಡ್ಡಿಗೆ ತಂದ ದುಡ್ಡನ್ನು ಇಲ್ಲಿ ಹಂಚಬೇಕು. ಮೇಲೆ ಮುಳುಗುವ ಸಾಲದ ನಷ್ಟ, ಆಮೇಲೆ ಲಾಭ. 2022ರವರೆಗೆ ಈ ಕಂಪನಿಗಳ ಬಡ್ಡಿಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿತ್ತು. ಈಗ ಆ ಮಿತಿ ಇಲ್ಲ.

ಜಾಮೀನು ಯಾರದು?

ಈ ಸಾಲಕ್ಕೆ ಒಡವೆ, ಪತ್ರ ಏನೂ ಅಡ ಇಲ್ಲ. ಅದರ ಜಾಗದಲ್ಲಿ ಇರೋದು ಅಕ್ಕಪಕ್ಕದ ಮನೆಯ ಹೆಂಗಸರು. ಚಿಕ್ಕಮ್ಮನ ಗುಂಪಿನಲ್ಲಿ ಐದು ಜನ. ಒಬ್ಬರು ಕಟ್ಟದಿದ್ದರೆ ಉಳಿದ ನಾಲ್ವರು ತಲಾ 661 ರೂಪಾಯಿ ಹಾಕಿ ಆ ಕಂತು ತುಂಬಬೇಕು. ಯಾರಿಗೆ ದುಡಿಮೆ ಇದೆ, ಯಾರ ಗಂಡ ಕುಡಿಯುತ್ತಾನೆ, ಯಾರು ಊರು ಬಿಡಬಹುದು ಅನ್ನೋದು ಬ್ಯಾಂಕಿಗೆ ಗೊತ್ತಾಗಲ್ಲ, ಇವರಿಗೆ ಗೊತ್ತು. ಆಳು ನೋಡಿ ಆರಿಸೋದು, ನೆನಪಿಸೋದು, ವಸೂಲಿ ಮಾಡೋದು, ಎಲ್ಲವನ್ನೂ ಇವರು ಸಂಬಳ ಇಲ್ಲದೆ ಮಾಡ್ತಾರೆ. 27.5 ಪರ್ಸೆಂಟಿನಲ್ಲಿ ಈ ಕೂಲಿ ಲೆಕ್ಕಕ್ಕೇ ಬಂದಿಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ನಮ್ಮೂರಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗೆ 'ಸಂಘ' ಅನ್ನೋ ಒಂದೇ ಹೆಸರು. ಸ್ವಸಹಾಯ ಸಂಘದಲ್ಲಿ ಹತ್ತರಿಂದ ಇಪ್ಪತ್ತು ಜನ ಮೊದಲು ಉಳಿತಾಯ ಮಾಡ್ತಾರೆ. ಬ್ಯಾಂಕು ಸಂಘಕ್ಕೆ ಸಾಲ ಕೊಡುತ್ತೆ, ಯಾರಿಗೆ ಎಷ್ಟು ಅಂತ ಸದಸ್ಯರು ಕೂತು ತೀರ್ಮಾನ ಮಾಡ್ತಾರೆ. ಮೈರಾಡ 1980ರ ದಶಕದಲ್ಲಿ ಕರ್ನಾಟಕದಲ್ಲಿ ಇಂಥ ಗುಂಪುಗಳನ್ನು ಕಟ್ಟಿತ್ತು. ಅವಕ್ಕೆ ಬ್ಯಾಂಕ್ ಸಾಲ ಜೋಡಿಸುವ ಯೋಜನೆಯನ್ನು ನಬಾರ್ಡ್ 1992ರಲ್ಲಿ ಶುರು ಮಾಡಿತು. ಎಷ್ಟೋ ಸಂಘಗಳು ಒಳಗಿನ ಸಾಲಕ್ಕೆ ನೂರಕ್ಕೆ ಎರಡು ಬಡ್ಡಿ ಹಾಕುತ್ತವೆ. ಅದೂ ಕೇಳೋಕೆ ಜಾಸ್ತಿಯೇ. ಆದರೆ ಆ ದುಡ್ಡು ಸಂಘದ ಪುಸ್ತಕಕ್ಕೇ ಬರುತ್ತೆ, ಅಂದರೆ ಸದಸ್ಯರಿಗೇ ಸೇರುತ್ತೆ. ಕಷ್ಟ ಅಂದರೆ ಕಂತನ್ನು ಮುಂದಕ್ಕೆ ಹಾಕುವ ಅಧಿಕಾರವೂ ಸಭೆಗೆ ಇದೆ. ಚಿಕ್ಕಮ್ಮನದು ಆ ಥರದ ಸಂಘ ಅಲ್ಲ, ಕಂಪನಿ ಕಟ್ಟಿದ ಜಂಟಿ ಹೊಣೆಗಾರಿಕೆ ಗುಂಪು. ಹೊಣೆ ಇವರದು, ಬಡ್ಡಿ ಹೊರಗೆ ಹೋಗುತ್ತೆ, ಕಂತು ಮುಂದೂಡುವ ಅಧಿಕಾರ ಇಲ್ಲ.

ಒಬ್ಬರಿಗೆ ಜ್ವರ ಬಂದರೆ ಈ ಹೊಣೆಗಾರಿಕೆ ಕೆಲಸ ಮಾಡುತ್ತೆ. ಮಳೆ ಹೋದರೆ ಮಾಡಲ್ಲ, ಯಾಕಂದ್ರೆ ಐವರಿಗೂ ಒಂದೇ ದಿನ ಕೂಲಿ ನಿಲ್ಲುತ್ತೆ. ಆಗ ಒಂದು ಕಂಪನಿಯ ಕಂತಿಗೆ ಇನ್ನೊಂದರಲ್ಲಿ ಸಾಲ. ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಅನ್ನೋದು ನಿಯಮ. ಚಿಕ್ಕಮ್ಮನ ಮನೆಗೆ ತಿಂಗಳಿಗೆ 15,000 ಬರುತ್ತೆ, ಮಿತಿ 7,500. ಇಂಥ ಮೂರು ಸಾಲ ಆದರೆ ಕಂತು 7,932. ಮೂರನೆಯದು ಕೊಡಲೇಬಾರದು. ಆದರೆ ಆದಾಯ ಎಷ್ಟು ಅಂತ ಬರೆದುಕೊಳ್ಳುವವನು ಸಾಲ ಕೊಡಲು ಬಂದವನೇ. ಅಲ್ಲಿ 20,000 ಅಂತ ಬಿದ್ದರೆ ಮಿತಿ ತಾನಾಗೇ 10,000 ಆಗುತ್ತೆ. ಮೋಸ ಇರುವ ಜಾಗ ಇದು. ಚಿಕ್ಕಮ್ಮನ ಅರ್ಜಿಯಲ್ಲಿ ಏನು ಬರೆದಿದೆ ಅಂತ ಕೇಳಿದೆ. 'ಅವ್ರೇ ತುಂಬ್ಕೊಂಡ್ರು ಕಣೋ, ನಾನು ಸೈನ್ ಹಾಕ್ದೆ' ಅಂದರು.

ಕಿರುಕುಳ, ಆತ್ಮಹತ್ಯೆಗಳ ಸುದ್ದಿ ಹೆಚ್ಚಿದಾಗ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು. ರಿಸರ್ವ್ ಬ್ಯಾಂಕಿನ ನಿಯಮವೂ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡೋದನ್ನು, ಸಾಲಗಾರರ ನೆಂಟರು ಸ್ನೇಹಿತರನ್ನು ಪೀಡಿಸೋದನ್ನು ಒರಟು ವಸೂಲಿ ಅಂತಲೇ ಹೇಳುತ್ತೆ. ಆದರೆ ರಾತ್ರಿ ಎಂಟಕ್ಕೆ ಬಾಗಿಲು ತಟ್ಟುವವಳು ಗುಂಪಿನ ಗೆಳತಿಯೇ ಆದರೆ? ಅವಳ ಮೇಲೆ ಯಾವ ಕೇಸು ಹಾಕ್ತೀರಿ? ಅವಳೂ 661 ರೂಪಾಯಿ ಹೊಂದಿಸಲಾಗದೆ ಬಂದವಳು.

ಅದಕ್ಕೇ ಬರೀ ಬಡ್ಡಿಗೆ ಮಿತಿ ಹಾಕಿ ಅಂತ ಕೂಗಿದರೆ ಸಾಲದು ಅಂತ ನನಗನ್ನಿಸುತ್ತೆ. ಆದಾಯವನ್ನು ಸುಳ್ಳು ಬರೆದುಕೊಂಡು ಕೊಟ್ಟ ಸಾಲಕ್ಕೆ ಗುಂಪಿನ ಜಾಮೀನು ಅನ್ವಯಿಸಬಾರದು. ಆ ನಷ್ಟ ಕೊಟ್ಟವನದ್ದೇ ಆಗಬೇಕು. 27.5 ಪರ್ಸೆಂಟಿನಲ್ಲಿ ಮುಳುಗುವ ಸಾಲದ ಪಾಲನ್ನೂ ಅವನು ಈಗಾಗಲೇ ವಸೂಲಿ ಮಾಡ್ತಿದ್ದಾನೆ. ಅದೇ ನಷ್ಟವನ್ನು ಪಕ್ಕದ ಮನೆಯವಳ ಕೈಲಿ ಎರಡನೇ ಸಲ ಕಟ್ಟಿಸೋದು ಯಾವ ಲೆಕ್ಕ?