230 ವೋಲ್ಟ್ ಕರೆಂಟಿಗೆ 400 ವೋಲ್ಟಿನ ಕೆಪಾಸಿಟರ್ ಏಕೆ?

ಮೊಬೈಲ್ ಚಾರ್ಜರ್ ಒಳಗಿನ ದೊಡ್ಡ ಕೆಪಾಸಿಟರ್ ಮೇಲೆ ಸಾಮಾನ್ಯವಾಗಿ 400V ಎಂದು ಬರೆದಿರುತ್ತದೆ. ಮನೆಗೆ ಬರುವುದು 230 ವೋಲ್ಟ್ ತಾನೇ, 250 ವೋಲ್ಟಿನದು ಸಾಲದೇ? ಸಾಲದು.

ಎಸಿ ವೋಲ್ಟೇಜ್ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಸೈನ್ ಅಲೆಯಂತೆ ಸೆಕೆಂಡಿಗೆ 50 ಬಾರಿ +325ಕ್ಕೆ ಏರಿ −325ಕ್ಕೆ ಇಳಿಯುತ್ತದೆ:

v = 325 sin θ

ಇದರ ನೇರ ಸರಾಸರಿ ಸೊನ್ನೆ. ಆದರೂ ಹೀಟರ್ ಬಿಸಿಯಾಗುತ್ತದೆ. ಏಕೆಂದರೆ ಶಾಖ ಹುಟ್ಟುವುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. ವರ್ಗ ಎಂದೂ ಮೈನಸ್ ಆಗುವುದಿಲ್ಲ. ಹಾಗಾಗಿ ನಮಗೆ ಬೇಕಿರುವುದು ವರ್ಗದ ಸರಾಸರಿ. ಅದಕ್ಕೆ ಪಿಯುಸಿಯಲ್ಲಿ ಕಲಿತ ಸೂತ್ರ ಸಾಕು:

sin²θ = (1 − cos 2θ)/2

ಒಂದು ಪೂರ್ಣ ಸುತ್ತಿನಲ್ಲಿ cos 2θ ಎರಡು ಸಲ ಮೇಲೆ ಕೆಳಗೆ ಹೋಗಿಬರುವುದರಿಂದ ಅದರ ಸರಾಸರಿ ಸೊನ್ನೆ. ಉಳಿಯುವುದು 1/2. 325ರ ವರ್ಗ 1,05,625. ಅದರ ಅರ್ಧದ ವರ್ಗಮೂಲ ಸುಮಾರು 230. ಇದೇ ಆರ್‌ಎಂಎಸ್ ಮೌಲ್ಯ, ಅಂದರೆ ಅಷ್ಟೇ ಶಾಖ ಕೊಡುವ ಡಿಸಿ ವೋಲ್ಟೇಜ್. ಈ ಲೆಕ್ಕ ಸೈನ್ ಅಲೆಗೆ ಮಾತ್ರ. ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಹೊಂದುವುದಿಲ್ಲ.

ಚಾರ್ಜರ್ ಎಸಿಯನ್ನು ಡಿಸಿ ಮಾಡುವಾಗ ಕೆಪಾಸಿಟರ್ ಅಲೆಯ ತುದಿಯವರೆಗೆ, ಅಂದರೆ ಸುಮಾರು 325 ವೋಲ್ಟ್‌ವರೆಗೆ ತುಂಬಿಕೊಳ್ಳುತ್ತದೆ. 250 ವೋಲ್ಟಿನದು ಹಾಕಿದರೆ ಉಬ್ಬಿ ಒಡೆಯಬಹುದು. ಪ್ಲಗ್ ಕಿತ್ತ ಮೇಲೂ ಆ ವೋಲ್ಟೇಜ್ ಸ್ವಲ್ಪ ಹೊತ್ತು ಉಳಿದಿರಬಹುದು. ಆದ್ದರಿಂದ ಚಾರ್ಜರ್ ಬಿಚ್ಚಿ ನೋಡಲು ಹೋಗಬೇಡಿ.