ಒಂದು ಪ್ರತ್ಯಯ, ಮೂರು ಅರ್ಥ: ಮಾಜಿವಾಡಾದಿಂದ ಕಂಡ ಕನ್ನಡ ಮತ್ತು ಮರಾಠಿ

ಠಾಣೆ ನಗರದಲ್ಲಿ ನಾಸಿಕ್ ಹೆದ್ದಾರಿಯೂ ಘೋಡ್‌ಬಂದರ್ ರಸ್ತೆಯೂ ಕೂಡುವೆಡೆಯಲ್ಲಿರುವ ಮಾಜಿವಾಡಾ ಇಂದು ಬಹುಭಾಷಿಕರ ಬಡಾವಣೆ. ಇಲ್ಲಿಯ ಕನ್ನಡ ಮನೆಗಳಲ್ಲಿ ‘ಮಾಜಿವಾಡಾದಲ್ಲಿ ಇದ್ದೇವೆ’ ಎನ್ನುತ್ತಾರೆ. ನೆರೆಮನೆಯ ಮರಾಠಿಗರು ಅದೇ ಊರನ್ನು ಕುರಿತು ‘ಮಾಜಿವಾಡ್ಯಾತ’ ಎನ್ನುತ್ತಾರೆ. ಕನ್ನಡದಲ್ಲಿ ಊರಿನ ಹೆಸರು ತನ್ನ ರೂಪವನ್ನು ಉಳಿಸಿಕೊಂಡು ಹಿಂದೆ ಪ್ರತ್ಯಯವನ್ನು ಸೇರಿಸಿಕೊಂಡಿತು. ಮರಾಠಿಯಲ್ಲಿ ಪ್ರತ್ಯಯ ಸೇರುವ ಮೊದಲೇ ಹೆಸರಿನ ತುದಿ ಬದಲಾಯಿತು. ಈ ಸಣ್ಣ ವ್ಯತ್ಯಾಸವೇ ಎರಡು ಭಾಷಾಪ್ರಕಾರಗಳ ಗಡಿ ಎಂಬುದನ್ನು ತೋರಿಸುವುದು ಈ ಬರಹದ ಉದ್ದೇಶ.

ಒಂದೊಂದು ಅರ್ಥಕ್ಕೆ ಒಂದೊಂದು ಪ್ರತ್ಯಯವನ್ನು ಸಾಲಾಗಿ ಜೋಡಿಸುವ ಭಾಷೆಯನ್ನು ಅಂಟು ಭಾಷೆ ಎಂದೂ, ಒಂದೇ ಪ್ರತ್ಯಯದಲ್ಲಿ ವಿಭಕ್ತಿ, ವಚನ, ಲಿಂಗಗಳನ್ನು ಬೆಸೆದುಬಿಡುವ ಭಾಷೆಯನ್ನು ಶ್ಲಿಷ್ಟ ಭಾಷೆ ಎಂದೂ ಕರೆಯೋಣ. ‘ಮರಗಳಲ್ಲಿ’ ಎಂಬ ಪದವನ್ನು ‘ಮರ’, ‘ಗಳ್’, ‘ಅಲ್ಲಿ’ ಎಂದು ಬಿಡಿಸಬಹುದು. ‘ಗಳ್’ ಬಹುವಚನವನ್ನಷ್ಟೇ, ‘ಅಲ್ಲಿ’ ಸಪ್ತಮಿಯನ್ನಷ್ಟೇ ಹೇಳುತ್ತದೆ. ಸಂಸ್ಕೃತದ ‘ದೇವಾಃ’ ಎಂಬಲ್ಲಿ ಬಹುವಚನ ಯಾವುದು, ಪ್ರಥಮೆ ಯಾವುದು ಎಂದು ಕತ್ತರಿಸಿ ತೋರಿಸಲಾಗದು. ಆದ್ದರಿಂದಲೇ ಪಾಣಿನಿಯು ಏಳು ವಿಭಕ್ತಿಗಳನ್ನು ಮೂರು ವಚನಗಳಿಗೆ ಹಂಚಿ 21 ಪ್ರತ್ಯಯಗಳನ್ನು ಹೇಳಬೇಕಾಯಿತು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಏಳು ವಿಭಕ್ತಿಗಳ ಆ ಚೌಕಟ್ಟನ್ನು ಸ್ವೀಕರಿಸಿದರೂ, ಕನ್ನಡಕ್ಕೆ ವಚನಕ್ಕೊಂದು ಬೇರೆ ವಿಭಕ್ತಿಪಟ್ಟಿ ಬೇಕಾಗಲಿಲ್ಲ, ಬಹುವಚನದ ಪ್ರತ್ಯಯ ಮೊದಲು ಬಂದು ವಿಭಕ್ತಿ ಅದರ ಬೆನ್ನಿಗೆ ನಿಂತರೆ ಸಾಕಾಯಿತು.

ಮರಾಠಿಯು ಇವೆರಡರ ನಡುವೆ ನಿಂತಿದೆ. ‘ವಾಡಾ’ ಎಂಬ ನಾಮಪದವನ್ನೇ ನೋಡೋಣ. ಅದರ ಕೊನೆಯ ಆಕಾರವು ಪುಲ್ಲಿಂಗ, ಏಕವಚನ, ವಿಭಕ್ತಿರಹಿತ ರೂಪ ಎಂಬ ಮೂರನ್ನೂ ಒಟ್ಟಿಗೆ ಸೂಚಿಸುತ್ತದೆ. ಬಹುವಚನವಾದರೆ ಆ ಆಕಾರದ ಮೇಲೆ ಏನೂ ಸೇರುವುದಿಲ್ಲ. ಅದೇ ಅಳಿದು ‘ವಾಡೇ’ ಆಗುತ್ತದೆ. ವಿಭಕ್ತಿ ಸೇರಬೇಕಾದರೆ ಪದವು ಮೊದಲು ‘ವಾಡ್ಯಾ’ ಎಂಬ ರೂಪವನ್ನು ತಾಳಬೇಕು. ಮರಾಠಿ ವೈಯಾಕರಣರು ಇದನ್ನು ‘ಸಾಮಾನ್ಯರೂಪ’ ಎನ್ನುತ್ತಾರೆ. ಅದರ ಮೇಲೆ ‘ತ’ ಸೇರಿ ‘ವಾಡ್ಯಾತ’, ‘ಲಾ’ ಸೇರಿ ‘ವಾಡ್ಯಾಲಾ’. ಈ ಎರಡನೆಯ ಹೆಜ್ಜೆ ಕನ್ನಡದಂತೆಯೇ ಅಂಟಿಸುವ ಕ್ರಮ. ಮೊದಲನೆಯ ಹೆಜ್ಜೆ ಮಾತ್ರ ಶ್ಲಿಷ್ಟ. ಊರಿನ ಹೆಸರಾದ ‘ಠಾಣೇ’ ಕೂಡ ಇದೇ ಕಾರಣದಿಂದ ‘ಠಾಣ್ಯಾತ’, ‘ಠಾಣ್ಯಾಲಾ’ ಆಗುತ್ತದೆ. ಈಕಾರದಲ್ಲಿ ಮುಗಿಯುವ ‘ಡೊಂಬಿವಲೀ’, ವ್ಯಂಜನದಲ್ಲಿ ಮುಗಿಯುವ ‘ಕಲ್ಯಾಣ್’ ಈ ತೊಂದರೆಯನ್ನು ಕೊಡುವುದಿಲ್ಲ. ಆದ್ದರಿಂದ ಡೊಂಬಿವಲಿಯ ಕನ್ನಡಿಗನು ತನ್ನ ಊರಿನ ಹೆಸರನ್ನು ಮರಾಠಿಯಲ್ಲಿ ಸರಿಯಾಗಿ ಹೇಳಿದನೆಂಬುದರಿಂದ ಅವನಿಗೆ ಸಾಮಾನ್ಯರೂಪ ತಿಳಿದಿದೆಯೆಂದು ನಿರ್ಣಯಿಸುವಂತಿಲ್ಲ.

ಬೆಸುಗೆ ಇನ್ನೂ ಗಾಢವಾಗಿ ಕಾಣುವುದು ವಿಶೇಷಣಗಳಲ್ಲಿ. ಬರಹದ ಮರಾಠಿಯಲ್ಲಿ ‘ದೊಡ್ಡ’ ಎಂಬ ಅರ್ಥಕ್ಕೆ ‘ಮೋಠಾ ವಾಡಾ’, ‘ಮೋಠೀ ಗಾಡೀ’, ‘ಮೋಠೇ ಘರ’ ಎಂದು ಏಕವಚನದಲ್ಲಿ ಮೂರು ರೂಪಗಳು. ಬಹುವಚನದಲ್ಲಿ ‘ಮೋಠೇ ವಾಡೇ’, ‘ಮೋಠ್ಯಾ ಗಾಡ್ಯಾ’, ‘ಮೋಠೀ ಘರೇ’. ಇಲ್ಲಿ ‘ಮೋಠೀ’ ಎಂಬುದು ಸ್ತ್ರೀಲಿಂಗದ ಏಕವಚನವೂ ಹೌದು, ನಪುಂಸಕದ ಬಹುವಚನವೂ ಹೌದು. ಆ ಈಕಾರಕ್ಕೆ ಒಂದೇ ಅರ್ಥವನ್ನು ಹೇಳಿಕೊಡಲು ಸಾಧ್ಯವಿಲ್ಲ. ಲಿಂಗ ಮತ್ತು ವಚನ ಎರಡನ್ನೂ ಒಟ್ಟಿಗೆ ತಿಳಿದಾಗಲೇ ಅದರ ಬೆಲೆ ತಿಳಿಯುತ್ತದೆ. ಷಷ್ಠಿಯಲ್ಲೂ ಹೀಗೆಯೇ: ‘ಮಾಜಿವಾಡ್ಯಾಚಾ ರಸ್ತಾ’, ‘ಮಾಜಿವಾಡ್ಯಾಚೀ ಬಸ್’, ‘ಮಾಜಿವಾಡ್ಯಾಚೇ ಘರ’. ಕನ್ನಡದಲ್ಲಿ ರಸ್ತೆಗೂ ಬಸ್ಸಿಗೂ ಮನೆಗೂ ‘ಮಾಜಿವಾಡಾದ’ ಎಂಬ ಒಂದೇ ರೂಪ ಸಾಕು. ಆದರೆ ಒಂದು ವಿಶೇಷವನ್ನು ಗಮನಿಸಬೇಕು. ಮುಂದಿನ ನಾಮಪದವು ಸಾಮಾನ್ಯರೂಪಕ್ಕೆ ಹೋದೊಡನೆ ಈ ಭೇದಗಳೆಲ್ಲ ಕರಗುತ್ತವೆ: ‘ಮೋಠ್ಯಾ ವಾಡ್ಯಾತ’, ‘ಮೋಠ್ಯಾ ಗಾಡೀತ’, ‘ಮೋಠ್ಯಾ ಘರಾತ’. ಅಲ್ಲಿ ಲಿಂಗ ತಿಳಿಯದವನೂ ತಪ್ಪುವುದಿಲ್ಲ.

ಈ ವಿಚಾರ ಕೇವಲ ಶಾಸ್ತ್ರದ್ದಲ್ಲ. ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯವಾಗಿ ಕಲಿಸಬೇಕೆಂಬ ಕಾಯಿದೆ 2020ರಲ್ಲಿ ಬಂದಿದೆ. ಕನ್ನಡ ಮನೆಯ ಮಗುವೊಂದು ‘ಮಾಜಿವಾಡಾತ ಮೋಠಾ ಘರ ಆಹೇ’ ಎಂದು ಬರೆಯಿತೆನ್ನೋಣ. ಎರಡು ಕಡೆ ಕೆಂಪು ಗೆರೆ ಬೀಳುತ್ತದೆ. ಎರಡಕ್ಕೂ ಅಜಾಗರೂಕತೆ ಎಂಬ ಒಂದೇ ಕಾರಣವನ್ನು ಹೇಳುವುದು ರೂಢಿ. ವಸ್ತುತಃ ಇವು ಎರಡು ಬೇರೆ ತಪ್ಪುಗಳು. ‘ಮಾಜಿವಾಡಾತ’ ಎಂಬಲ್ಲಿ ಮಗು ಕನ್ನಡದ ಕ್ರಮದಂತೆ ಪದವನ್ನು ಇದ್ದಂತೆ ಬಿಟ್ಟು ಪ್ರತ್ಯಯವನ್ನು ಅಂಟಿಸಿದೆ. ‘ಮೋಠಾ ಘರ’ ಎಂಬಲ್ಲಿ ತಪ್ಪಿರುವುದು ರೂಪವಲ್ಲ, ಲಿಂಗನಿರ್ಣಯ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಮನೆ, ಗಾಡಿ, ರಸ್ತೆ ಎಲ್ಲವೂ ನಪುಂಸಕವೇ. ಮರಾಠಿಯಲ್ಲಿ ವಸ್ತುಗಳ ಲಿಂಗವನ್ನು ಪದಪದಕ್ಕೂ ನೆನಪಿಡಬೇಕು.

ಯಾವುದು ಯಾವ ತಪ್ಪೆಂದು ಪರೀಕ್ಷಿಸುವ ಉಪಾಯ ಸರಳವಾದುದು. ಮಗುವಿನಿಂದ ಹುಡುಗ ಹುಡುಗಿಯರನ್ನು ಕುರಿತು ಹೇಳಿಸಬೇಕು. ‘ಮೋಠಾ ಮುಲಗಾ’, ‘ಮೋಠೀ ಮುಲಗೀ’ ಎಂದು ಸರಿಯಾಗಿ ಹೇಳಿ ಮನೆಯಲ್ಲಿ ಮಾತ್ರ ತಪ್ಪಿದರೆ, ಹೊಂದಾಣಿಕೆಯ ನಿಯಮ ತಿಳಿದಿದೆ, ‘ಘರ’ದ ಲಿಂಗ ತಿಳಿದಿಲ್ಲ ಎಂದರ್ಥ, ಪದಗಳನ್ನು ವಿಶೇಷಣದೊಡನೆ ಕಲಿಸಿದರೆ ಸಾಕು. ಇಲ್ಲಿಯೂ ತಪ್ಪಿದರೆ ಪ್ರತ್ಯಯದ ಬೆಸುಗೆಯೇ ಅರಿವಿಗೆ ಬಂದಿಲ್ಲ. ಸಾಮಾನ್ಯರೂಪವನ್ನು ಪರೀಕ್ಷಿಸಲು ಆಕಾರಾಂತ ಪುಲ್ಲಿಂಗ ಪದಗಳನ್ನೇ ಆರಿಸಬೇಕು. ಅಲ್ಲಿಯೂ ಎಚ್ಚರ ಅಗತ್ಯ: ‘ಕೆನಡಾ’ದಂತಹ ಹೊರನಾಡಿನ ಹೆಸರನ್ನು ಮರಾಠಿಗರೇ ಬದಲಿಸದೆ ‘ಕೆನಡಾತ’ ಎನ್ನುತ್ತಾರೆ.

ಕನ್ನಡವೂ ಪೂರ್ತಿ ಅಂಟು ಭಾಷೆಯೆಂದು ಭಾವಿಸಬೇಕಾಗಿಲ್ಲ. ‘ಬಂದಳು’ ಎಂಬಲ್ಲಿಯ ‘ಅಳು’ ಪುರುಷ, ವಚನ, ಲಿಂಗ ಮೂರನ್ನೂ ಒಟ್ಟಿಗೆ ಹೇಳುತ್ತದೆ. ‘ಹುಡುಗರಿಗೆ’ ಎಂಬಲ್ಲಿಯ ‘ಅರ್’ ಬಹುತ್ವದೊಡನೆ ಮನುಷ್ಯತ್ವವನ್ನೂ ಸೂಚಿಸುತ್ತದೆ. ‘ಮರಕ್ಕೆ’, ‘ಮರಗಳಿಗೆ’ ಎಂದು ಚತುರ್ಥಿಯ ರೂಪವೂ ಬದಲಾಗುತ್ತದೆ. ಶ್ಲಿಷ್ಟ, ಅಂಟು ಎಂಬುವು ಭಾಷೆಗಳಿಗೆ ಹಚ್ಚುವ ಮುದ್ರೆಗಳಿಗಿಂತ ಹೆಚ್ಚಾಗಿ ಒಂದೊಂದು ಪ್ರತ್ಯಯದ ಸ್ವಭಾವವನ್ನು ಹೇಳುವ ಮಾತುಗಳು.

ಈ ಎರಡು ಭಾಷೆಗಳು ದೀರ್ಘಕಾಲ ಜೊತೆಯಲ್ಲಿದ್ದರೆ ಏನಾಗುತ್ತದೆಂಬುದಕ್ಕೆ ಸಾಂಗ್ಲಿ ಜಿಲ್ಲೆಯ ಕುಪವಾಡದ ನಿದರ್ಶನವಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಲ್ಲಿಯ ಮರಾಠಿಯಲ್ಲಿ ಮನುಷ್ಯೇತರ ನಾಮಪದಗಳೆಲ್ಲ ಕನ್ನಡದಂತೆ ನಪುಂಸಕವಾಗಿವೆ. ಅಲ್ಲಿ ಬದಲಾದುದು ಲಿಂಗವನ್ನು ಹಂಚುವ ಕ್ರಮ. ವಿಶೇಷಣವು ಲಿಂಗಕ್ಕೆ ಹೊಂದಿಕೊಳ್ಳುವ ಮರಾಠಿ ಪದ್ಧತಿ ಅಳಿಯಲಿಲ್ಲ. ಮಾಜಿವಾಡಾದ ಮಗು ‘ಘರ’ದ ಲಿಂಗದಲ್ಲಿ ಎಡವಿದ ಕಡೆಯಲ್ಲಿಯೇ ಕುಪವಾಡದ ಭಾಷೆಯೂ ಬಾಗಿತು. ಒಂದೆಡೆ ಅದನ್ನು ತಪ್ಪು ಎನ್ನುತ್ತೇವೆ, ಇನ್ನೊಂದೆಡೆ ಆ ಊರಿನ ವ್ಯಾಕರಣ ಎನ್ನುತ್ತೇವೆ.