ಸ್ಪ್ಯಾಮ್ ಹಿಡಿಯುವ ಕೈಲೆಕ್ಕ

ಬಂದ ಇಮೇಲ್ ಸ್ಪ್ಯಾಮೋ ಅಲ್ಲವೋ ಎಂದು ಹೇಳುವ ‘ನೈವ್ ಬೇಸ್’ ವಿಧಾನವನ್ನು ಅರಿಯಲು ಪೆನ್ನು, ಹಾಳೆ ಸಾಕು. ಉದಾಹರಣೆಗೆ, ನೂರು ಹಳೆಯ ಇಮೇಲ್‌ಗಳನ್ನು ನಾವೇ ಓದಿ ವಿಂಗಡಿಸಿದ್ದೇವೆ ಎಂದುಕೊಳ್ಳೋಣ: 40 ಸ್ಪ್ಯಾಮ್, 60 ಒಳ್ಳೆಯವು. ‘ಬಹುಮಾನ’ ಎಂಬ ಪದ 20 ಸ್ಪ್ಯಾಮ್‌ಗಳಲ್ಲಿದೆ, ಒಳ್ಳೆಯವುಗಳ ಪೈಕಿ ಮೂರರಲ್ಲಿ ಮಾತ್ರ. ‘ಲಿಂಕ್’ 24 ಸ್ಪ್ಯಾಮ್‌ಗಳಲ್ಲೂ 12 ಒಳ್ಳೆಯವುಗಳಲ್ಲೂ ಇದೆ.

ಈ ಎರಡೂ ಪದಗಳಿರುವ ಹೊಸ ಇಮೇಲ್ ಬಂತು. ಓದುವ ಮೊದಲೇ ಸ್ಪ್ಯಾಮ್ ಮತ್ತು ಒಳ್ಳೆಯದರ ಅನುಪಾತ 40ಕ್ಕೆ 60, ಅಂದರೆ 2ಕ್ಕೆ 3. ‘ಬಹುಮಾನ’ ಅರ್ಧದಷ್ಟು ಸ್ಪ್ಯಾಮ್‌ಗಳಲ್ಲಿದೆ, ಒಳ್ಳೆಯವುಗಳಲ್ಲಿ ಇಪ್ಪತ್ತರಲ್ಲಿ ಒಂದರಲ್ಲಿದೆ. ಹಾಗಾಗಿ ಅದು ಸ್ಪ್ಯಾಮ್ ಕಡೆಗೆ ಹತ್ತು ಪಟ್ಟು ವಾಲಿಸುತ್ತದೆ. ‘ಲಿಂಕ್’ ಶೇ 60 ಮತ್ತು ಶೇ 20, ಅಂದರೆ ಮೂರು ಪಟ್ಟು. ಎಲ್ಲವನ್ನೂ ಗುಣಿಸಿದರೆ:

```
2/3 × 10 × 3 = 20
```

ಇಪ್ಪತ್ತಕ್ಕೆ ಒಂದು, ಅಂದರೆ ಸುಮಾರು ಶೇ 95 ಸ್ಪ್ಯಾಮ್. ಯಾವುದಾದರೂ ಪದ ಒಂದು ಗುಂಪಿನಲ್ಲಿ ಒಮ್ಮೆಯೂ ಕಾಣದಿದ್ದರೆ ಸೊನ್ನೆ ಬಂದು ಇಡೀ ಗುಣಾಕಾರವೇ ಕೆಡುತ್ತದೆ. ಅದಕ್ಕೇ ಪ್ರತಿ ಎಣಿಕೆಗೂ ಒಂದನ್ನು ಕೂಡಿಸಿಕೊಳ್ಳುವ ರೂಢಿಯಿದೆ.

ಹೀಗೆ ಗುಣಿಸುವಾಗ ನಾವು ಒಂದು ಸುಳ್ಳನ್ನು ಒಪ್ಪಿಕೊಂಡಿದ್ದೇವೆ: ಒಂದೇ ಗುಂಪಿನೊಳಗೆ ಒಂದು ಪದ ಬರುವುದಕ್ಕೂ ಇನ್ನೊಂದು ಬರುವುದಕ್ಕೂ ನಂಟಿಲ್ಲ ಎಂದು. ನಿಜದಲ್ಲಿ ಬಹುಮಾನದ ಆಸೆ ತೋರಿಸಿದವನು ಲಿಂಕನ್ನೂ ಒತ್ತಿಸುತ್ತಾನೆ. ನಮ್ಮ ನೂರರಲ್ಲಿ ಎರಡೂ ಪದಗಳಿರುವ ಸ್ಪ್ಯಾಮ್ 18, ಒಳ್ಳೆಯವು 2 ಎಂದಿಟ್ಟುಕೊಂಡರೆ ನಿಜವಾದ ಅನುಪಾತ ಒಂಬತ್ತಕ್ಕೆ ಒಂದು, ಶೇ 90. ನಮ್ಮ ಲೆಕ್ಕ ಉಬ್ಬಿದೆ, ಆದರೆ ತೀರ್ಪು ಬದಲಾಗಿಲ್ಲ. ಫಿಲ್ಟರ್‌ಗೆ ಬೇಕಾದದ್ದು ನಿಖರ ಶೇಕಡಾವಾರು ಅಲ್ಲ, ಇಮೇಲ್ ಯಾವ ಬದಿಗೆ ಸೇರಬೇಕು ಎಂಬುದಷ್ಟೇ. ಅಳತೆ ಹಿಗ್ಗಿದರೂ ಬದಿ ತಪ್ಪದಿದ್ದರೆ ಸಾಕು. 1997ರಲ್ಲಿ ಡೊಮಿಂಗೋಸ್ ಮತ್ತು ಪಜ್ಜಾನಿ ಇದನ್ನೇ ಗಣಿತದಲ್ಲಿ ತೋರಿಸಿದರು.

ಈ ಸುಳ್ಳಿನಿಂದ ದೊಡ್ಡ ಲಾಭವೂ ಇದೆ. ಇಪ್ಪತ್ತು ಪದಗಳು ಇವೆಯೋ ಇಲ್ಲವೋ ಎಂಬುದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜೋಡಣೆಗಳಾಗುತ್ತವೆ. ಪ್ರತಿಯೊಂದನ್ನೂ ಎಣಿಸುವಷ್ಟು ಇಮೇಲ್ ಯಾರ ಬಳಿಯೂ ಇರುವುದಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಪ್ರತಿ ಗುಂಪಿಗೆ ಇಪ್ಪತ್ತೇ ಎಣಿಕೆ, ಅವೂ ನಂಬಬಹುದಾದವು.

ಎಡವುವುದು ಪದಗಳು ಗುಂಪುಗಟ್ಟಿ ಬಂದಾಗ. ‘ಖಾತೆ’, ‘ಕೆವೈಸಿ’, ‘ಪರಿಶೀಲನೆ’ ಸದಾ ಜೊತೆಯಲ್ಲೇ ಬಂದು, ಪ್ರತಿಯೊಂದೂ ಸ್ಪ್ಯಾಮ್ ಕಡೆಗೆ ಮೂರು ಪಟ್ಟು ವಾಲಿಸುತ್ತವೆ ಎನ್ನಿ. ಮೂರೂ ಸೇರಿ ನಿಜದಲ್ಲಿ ಒಂದೇ ಸುಳಿವು, ಆದರೆ ಲೆಕ್ಕ ಅದನ್ನು 27 ಪಟ್ಟು ಮಾಡುತ್ತದೆ. ಪತ್ರದಲ್ಲಿರುವ ನಿಮ್ಮ ಶಾಖೆಯ ಹೆಸರು ಅದನ್ನು ಮೂರನೇ ಒಂದಕ್ಕೆ ಇಳಿಸಿತೆಂದುಕೊಳ್ಳಿ. ಫಿಲ್ಟರ್‌ಗೆ ಸಿಗುವುದು ಆರಕ್ಕೆ ಒಂದು. ಸರಿಯಾದದ್ದು ಎರಡಕ್ಕೆ ಮೂರು. ಬ್ಯಾಂಕಿನ ನಿಜವಾದ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ.

ಒಳ್ಳೆಯ ಪತ್ರ ಕಳೆದುಹೋಗುವುದು ಸ್ಪ್ಯಾಮ್ ನುಸುಳುವುದಕ್ಕಿಂತ ಕೆಟ್ಟದ್ದು. 1998ರಲ್ಲಿ ಮೆಹ್ರಾನ್ ಸಹಾಮಿ ಮತ್ತು ಸಂಗಡಿಗರು ಇದಕ್ಕಾಗಿಯೇ ಅರ್ಧವನ್ನಲ್ಲ, ಶೇ 99.9ನ್ನು ಗಡಿಯಾಗಿಟ್ಟರು. ಆ ಗಡಿಯಲ್ಲಿ ನಮ್ಮ ಬಹುಮಾನದ ಇಮೇಲ್ ಕೂಡ ಇನ್‌ಬಾಕ್ಸ್‌ನಲ್ಲೇ ಉಳಿಯುತ್ತದೆ. ಅದನ್ನು ದಾಟಿಸಲು ಇನ್ನಷ್ಟು ಪದಗಳ ಸಾಕ್ಷಿ ಬೇಕು.